ಓಆರ್‌ಎಸ್, ಎಳನೀರು ಮತ್ತು ಸ್ಪೋರ್ಟ್ಸ್ ಡ್ರಿಂಕ್: ಭೇದಿ ಹಾಗೂ ಬೇಸಿಗೆಯ ನಿರ್ಜಲೀಕರಣದಲ್ಲಿ ಇವುಗಳ ಬಳಕೆ

ಓಆರ್‌ಎಸ್ ಎಂಬುದು ಭೇದಿಯಿಂದ ದೇಹ ಕಳೆದುಕೊಂಡ ನೀರು ಮತ್ತು ಲವಣಗಳನ್ನು ಬಾಯಿಯ ಮೂಲಕವೇ ತುಂಬಿಕೊಡುವ ಔಷಧ. ನಿಗದಿತ ತೂಕದ ಗ್ಲೂಕೋಸ್ ಮತ್ತು ಮೂರು ಬಗೆಯ ಲವಣಗಳ ಪುಡಿಯನ್ನು ನಿಗದಿತ ಪ್ರಮಾಣದ ನೀರಿನಲ್ಲಿ ಕರಗಿಸಿ ಇದನ್ನು ತಯಾರಿಸುತ್ತಾರೆ. ಎಳನೀರು ಎಳೆಯ ತೆಂಗಿನಕಾಯಿಯೊಳಗಿನ ಸಹಜ ರಸ. ಸ್ಪೋರ್ಟ್ಸ್ ಡ್ರಿಂಕ್ ಬೆವರು ಸುರಿಸಿ ಆಡುವ ಆಟಗಾರರಿಗಾಗಿ ರೂಪಿಸಿದ ಸಿಹಿ ಪಾನೀಯ. ಮೂರರಲ್ಲೂ ನೀರು, ಸಕ್ಕರೆ, ಸೋಡಿಯಂ ಮತ್ತು ಪೊಟ್ಯಾಸಿಯಂ ಇರುವುದರಿಂದ ಒಂದರ ಬದಲು ಇನ್ನೊಂದನ್ನು ಕುಡಿಸುವ ರೂಢಿ ಬೆಳೆದಿದೆ. ಆದರೆ ಇವುಗಳ ಪ್ರಮಾಣ ಮೂರರಲ್ಲೂ ಬೇರೆ ಬೇರೆ. ಯಾವುದನ್ನು ಯಾವಾಗ ಕೊಡಬೇಕೆಂಬುದು ದೇಹ ಏನನ್ನು ಕಳೆದುಕೊಂಡಿದೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ.

ಕೋಲಾರ ಜಿಲ್ಲೆಯಲ್ಲಿ ಈ ಪ್ರಶ್ನೆ ಬೇಸಿಗೆಯಲ್ಲಿ ಎರಡು ಕಡೆಯಿಂದ ಏಳುತ್ತದೆ. ಮಾಲೂರಿನ ಇಟ್ಟಿಗೆ ಗೂಡು ಮತ್ತು ಹೆಂಚಿನ ಕಾರ್ಖಾನೆಗಳಲ್ಲಿ, ಕೋಲಾರದ ಎಪಿಎಂಸಿಯ ಟೊಮ್ಯಾಟೊ ಮಂಡಿಗಳಲ್ಲಿ, ಮುಳಬಾಗಿಲಿನ ಕಲ್ಲು ಕ್ವಾರಿಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದುಡಿಯುವವರು ದಿನವಿಡೀ ಬೆವರು ಸುರಿಸುತ್ತಾರೆ. ಇನ್ನೊಂದು ಕಡೆ ಕೆರೆಕುಂಟೆಗಳು ಬತ್ತಿ, ಆಳದ ಕೊಳವೆಬಾವಿ ಮತ್ತು ಟ್ಯಾಂಕರ್ ನೀರೇ ಗತಿಯಾದಾಗ ಶೇಖರಿಸಿಟ್ಟ ನೀರು ಕೆಡುತ್ತದೆ, ಮಕ್ಕಳಿಗೆ ವಾಂತಿಭೇದಿ ತಗಲುತ್ತದೆ. ಬೆವರು, ಭೇದಿ ಎರಡರಲ್ಲೂ ದೇಹದ ನೀರು ಹೋಗುತ್ತದೆ. ಆದರೆ ನೀರಿನ ಜೊತೆಗೆ ಹೋಗುವ ಲವಣಗಳ ಲೆಕ್ಕ ಒಂದೇ ಅಲ್ಲ.

ದೇಹ ಕಳೆದುಕೊಳ್ಳುವುದೇನು

ದ್ರವದಲ್ಲಿರುವ ಲವಣವನ್ನು ವೈದ್ಯಶಾಸ್ತ್ರ ಮಿಲಿಮೋಲ್ ಎಂಬ ಮಾನದಲ್ಲಿ ಅಳೆಯುತ್ತದೆ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 17 ಮಿಲಿಮೋಲ್ ಸೋಡಿಯಂ ಇರುತ್ತದೆ ಎಂದು ನೆನಪಿಟ್ಟುಕೊಂಡರೆ ಮುಂದಿನ ಅಂಕಿಗಳನ್ನು ಹಿಡಿಯುವುದು ಸುಲಭ.

ಮಕ್ಕಳ ಸಾಮಾನ್ಯ ನೀರುಭೇದಿಯಲ್ಲಿ ಒಂದು ಲೀಟರ್ ಮಲದ ಜೊತೆ ಸುಮಾರು 40ರಿಂದ 55 ಮಿಲಿಮೋಲ್ ಸೋಡಿಯಂ ಮತ್ತು 25ರಿಂದ 40 ಮಿಲಿಮೋಲ್ ಪೊಟ್ಯಾಸಿಯಂ ಹೊರಹೋಗುತ್ತದೆ. ಕಾಲರಾ ಆದರೆ ಸೋಡಿಯಂ ನಷ್ಟ ಮಕ್ಕಳಲ್ಲಿ 100ರ ಸುಮಾರಿಗೆ, ದೊಡ್ಡವರಲ್ಲಿ 130ರ ಸುಮಾರಿಗೆ ಏರುತ್ತದೆ. ಕ್ಷಾರಗುಣದ ಬೈಕಾರ್ಬೊನೇಟ್ ಕೂಡ ಹೋಗುವುದರಿಂದ ರಕ್ತ ಆಮ್ಲೀಯವಾಗುತ್ತದೆ. ಜ್ವರ ಬಂದು ನಿಂತ ಮಗುವಿಗಿಂತ ಭೇದಿಯಾದ ಮಗು ಬೇಗ ಬಾಡಿಹೋಗುವುದಕ್ಕೆ ಈ ಕೂಡುನಷ್ಟವೇ ಕಾರಣ.

ಬೆವರಿನ ಲೆಕ್ಕ ಬೇರೆ. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಸಾಮಾನ್ಯವಾಗಿ 20ರಿಂದ 80 ಮಿಲಿಮೋಲ್, ಪೊಟ್ಯಾಸಿಯಂ ಹತ್ತಕ್ಕಿಂತ ಕಡಿಮೆ. ಬಿಸಿಲಿಗೆ ಒಗ್ಗಿದ ಮೈಯ ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ, ಬಿಸಿಲಿಗೆ ಹೊಸಬರಾದವರಲ್ಲಿ ಹೆಚ್ಚಿರುತ್ತದೆ. ಬೇಸಿಗೆಯ ಮೊದಲ ವಾರಗಳಲ್ಲಿ, ಊರಿಗೆ ಹೊಸದಾಗಿ ಬಂದ ಕೂಲಿಕಾರರಲ್ಲಿ ಸುಸ್ತು ಮತ್ತು ಕಾಲುಸೆಳೆತ ಹೆಚ್ಚು ಕಾಣುವುದಕ್ಕೆ ಇದೊಂದು ಕಾರಣ. ಬೆವರುವವನ ಕರುಳು ಆರೋಗ್ಯವಾಗಿರುತ್ತದೆ, ಆತ ಊಟ ಮಾಡಬಲ್ಲ, ಉಪ್ಪು ಊಟದಿಂದಲೇ ಮರಳಿ ಬರುತ್ತದೆ. ಭೇದಿಯಾದ ಮಗುವಿಗೆ ಆ ಅನುಕೂಲವಿಲ್ಲ.

ಓಆರ್‌ಎಸ್

ವಿಶ್ವ ಆರೋಗ್ಯ ಸಂಸ್ಥೆ 2002ರಿಂದ ಶಿಫಾರಸು ಮಾಡುತ್ತಿರುವ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಸೋಡಿಯಂ ಕ್ಲೋರೈಡ್, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಬೇಕು. ಒಟ್ಟು ತೂಕ 20.5 ಗ್ರಾಂ. ಕರಗಿದ ಮೇಲೆ ಲೀಟರಿಗೆ ಸೋಡಿಯಂ 75, ಗ್ಲೂಕೋಸ್ 75, ಪೊಟ್ಯಾಸಿಯಂ 20, ಸಿಟ್ರೇಟ್ 10 ಮಿಲಿಮೋಲ್ ದೊರೆಯುತ್ತವೆ. ದ್ರಾವಣದ ಒಟ್ಟು ಸಾಂದ್ರತೆ, ಅಂದರೆ ಆಸ್ಮೊಲಾರಿಟಿ, 245. ರಕ್ತದ್ದು ಸುಮಾರು 290. ಕರುಳಿನೊಳಗಿನ ದ್ರವ ರಕ್ತಕ್ಕಿಂತ ತೆಳುವಾಗಿದ್ದರೆ ನೀರು ಕರುಳಿನಿಂದ ರಕ್ತದ ಕಡೆಗೆ ಸಾಗುತ್ತದೆ. ಗಟ್ಟಿಯಾಗಿದ್ದರೆ ರಕ್ತದ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ. ಸಿಟ್ರೇಟ್ ರಕ್ತದ ಆಮ್ಲೀಯತೆಯನ್ನು ಸರಿಪಡಿಸುತ್ತದೆ.

ಸೋಡಿಯಂ ಮತ್ತು ಗ್ಲೂಕೋಸ್ ಸಮಪ್ರಮಾಣದಲ್ಲಿರುವುದು ಕಾಕತಾಳೀಯವಲ್ಲ. ಸಣ್ಣಕರುಳಿನ ಒಳಪದರದ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುವ ಒಂದು ದಾರಿಯಿದೆ. ಇವೆರಡು ಒಳಬಂದಾಗ ನೀರು ಹಿಂಬಾಲಿಸುತ್ತದೆ. ಕಾಲರಾದಂಥ ತೀವ್ರ ಭೇದಿಯಲ್ಲೂ ಈ ದಾರಿ ಮುಚ್ಚಿಹೋಗುವುದಿಲ್ಲ. ಬರೀ ನೀರು ಕುಡಿಸಿದರೆ ಈ ದಾರಿಯ ಪ್ರಯೋಜನ ಸಿಗದು, ಬರೀ ಸಕ್ಕರೆ ನೀರು ಕುಡಿಸಿದರೆ ಸೋಡಿಯಂ ಜೊತೆಯಿಲ್ಲ. ಓಆರ್‌ಎಸ್ ಭೇದಿಯನ್ನು ತಕ್ಷಣ ನಿಲ್ಲಿಸುವುದಿಲ್ಲ. ಭೇದಿ ತಾನಾಗಿ ನಿಲ್ಲುವವರೆಗೆ ದೇಹ ಬತ್ತದಂತೆ ನೋಡಿಕೊಳ್ಳುವುದು ಅದರ ಕೆಲಸ. ಒಂದು ಲೋಟ ಕುಡಿಸಿಯೂ ಭೇದಿ ನಿಲ್ಲಲಿಲ್ಲವೆಂದು ಓಆರ್‌ಎಸ್ ಬಿಟ್ಟು ಬೇರೆ ಪಾನೀಯಕ್ಕೆ ಹೋಗುವುದು ಈ ತಿಳಿವಳಿಕೆಯ ಕೊರತೆಯಿಂದ.

ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಸಾಗುವ ಈ ಸಿದ್ಧಾಂತವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು. ಅದಕ್ಕೂ ಮುಂಚೆ, 1953ರಲ್ಲಿ, ಕಲ್ಕತ್ತದ ಹೇಮೇಂದ್ರನಾಥ ಚಟರ್ಜಿ ಕಾಲರಾ ರೋಗಿಗಳಿಗೆ ಬಾಯಿಯ ಮೂಲಕ ಉಪ್ಪು ಮತ್ತು ಗ್ಲೂಕೋಸ್ ನೀರು ಕೊಟ್ಟ ವಿವರವನ್ನು ಪ್ರಕಟಿಸಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮತ್ತು ಸಹೋದ್ಯೋಗಿಗಳ ಪ್ರಯೋಗ ಈ ಚಿಕಿತ್ಸೆಗೆ ಗಟ್ಟಿ ಆಧಾರ ಒದಗಿಸಿತು. 1971ರ ಬಾಂಗ್ಲಾ ಯುದ್ಧದಲ್ಲಿ ಬನ್‌ಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ ದಿಲೀಪ್ ಮಹಲನಬಿಸ್ ಪೊಟ್ಟಣಗಳಲ್ಲಿ ಕಟ್ಟಿದ ಗ್ಲೂಕೋಸ್ ಮತ್ತು ಲವಣವನ್ನು ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿನ ಪ್ರಮಾಣ ಶೇಕಡಾ 30ರ ಸುಮಾರಿನಿಂದ 4ರೊಳಗೆ ಇಳಿಯಿತು. ಮಹಲನಬಿಸ್ 2022ರಲ್ಲಿ ತೀರಿಕೊಂಡರು. 2023ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿತು.

ಹಳೆಯ ಸೂತ್ರದಲ್ಲಿ ಸೋಡಿಯಂ 90, ಒಟ್ಟು ಸಾಂದ್ರತೆ 311 ಇತ್ತು. ಅದನ್ನು ತೆಳುಗೊಳಿಸಿದ ಮೇಲೆ ಮಕ್ಕಳಲ್ಲಿ ವಾಂತಿ ಮತ್ತು ಮಲದ ಪ್ರಮಾಣ ಕಡಿಮೆಯಾಯಿತು, ಡ್ರಿಪ್ ಹಾಕಬೇಕಾದ ಸಂದರ್ಭಗಳು ಸುಮಾರು ಮೂರನೇ ಒಂದರಷ್ಟು ತಗ್ಗಿದವು. ಸಾಂದ್ರತೆಯ ಇಷ್ಟು ಬದಲಾವಣೆಯೇ ಇಂಥ ಫಲ ಕೊಟ್ಟಿತೆಂದರೆ, ಪುಡಿ ಮತ್ತು ನೀರಿನ ಅಳತೆ ತಪ್ಪುವುದು ಸಣ್ಣ ವಿಷಯವಲ್ಲ.

ಎಳನೀರು

ಕೋಲಾರದ ಬೀದಿಗಳಲ್ಲೂ ಚೆನ್ನೈ ಹೆದ್ದಾರಿಯ ಬದಿಯಲ್ಲೂ ಬೇಸಿಗೆಯಲ್ಲಿ ಎಳನೀರಿನ ರಾಶಿ ಕಾಣುತ್ತದೆ. ಕೊಳವೆಬಾವಿ ಇರುವ ತೋಟಗಳಲ್ಲಿ ಬೆಳೆದದ್ದು ಒಂದು ಪಾಲಾದರೆ, ದೊಡ್ಡ ಎಳನೀರು ಮಾರುಕಟ್ಟೆಯಿರುವ ಮದ್ದೂರಿನಂಥ ಕಡೆಯಿಂದ ಲಾರಿಗಳಲ್ಲಿ ಬರುವುದು ಇನ್ನೊಂದು ಪಾಲು. ಕಾಯಿಯೊಳಗಿರುವವರೆಗೆ ಈ ನೀರು ಶುದ್ಧವಾಗಿರುತ್ತದೆ. ಕೊಚ್ಚಿದ ಮೇಲೆ ಮಚ್ಚು, ಕೈ ಮತ್ತು ಸ್ಟ್ರಾದಿಂದ ಕ್ರಿಮಿ ಸೇರಬಹುದು. ಮೊದಲೇ ಕೊಚ್ಚಿ ಪಾತ್ರೆಗೆ ಸುರಿದಿಟ್ಟ ನೀರು ಬಿಸಿಲಿನಲ್ಲಿ ಬೇಗ ಹುಳಿಯುತ್ತದೆ.

ಎಳನೀರಿನ ಮುಖ್ಯ ಲವಣ ಪೊಟ್ಯಾಸಿಯಂ. ಲೀಟರಿಗೆ 35ರಿಂದ 80 ಮಿಲಿಮೋಲ್‌ವರೆಗೂ ಸಿಗುತ್ತದೆ, ಅಂದರೆ ಓಆರ್‌ಎಸ್‌ನ ಎರಡರಿಂದ ನಾಲ್ಕು ಪಟ್ಟು. ಸೋಡಿಯಂ ಮಾತ್ರ ಅನೇಕ ಮಾದರಿಗಳಲ್ಲಿ ಹತ್ತು ಮಿಲಿಮೋಲ್‌ಗಿಂತ ಕೆಳಗಿರುತ್ತದೆ, ಕೆಲವು ಅಳತೆಗಳಲ್ಲಿ 40 ದಾಟಿರುವುದೂ ಉಂಟು. ತಳಿ, ಮಣ್ಣು, ನೀರಾವರಿ, ಕಾಯಿಯ ವಯಸ್ಸು ಇವೆಲ್ಲ ಈ ವ್ಯತ್ಯಾಸಕ್ಕೆ ಕಾರಣ. ಸಕ್ಕರೆ ಲೀಟರಿಗೆ ಸಾಮಾನ್ಯವಾಗಿ 25ರಿಂದ 50 ಗ್ರಾಂ. ಎಳೆಯ ಕಾಯಿಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚು, ಕಾಯಿ ಬಲಿತಂತೆ ಸಕ್ಕರೆಯ ಸ್ವರೂಪ ಬದಲಾಗುತ್ತದೆ. ಕೊಂಡ ಕಾಯಿಯಲ್ಲಿ ಇಂತಿಷ್ಟೇ ಲವಣವಿದೆ ಎಂದು ರುಚಿ ನೋಡಿ ಹೇಳಲಾಗದು. ಔಷಧಕ್ಕಿರಬೇಕಾದ ಖಚಿತತೆ ಅದಕ್ಕಿಲ್ಲ.

ಹಾಗೆಂದು ಎಳನೀರನ್ನು ಭೇದಿಯಲ್ಲಿ ತಳ್ಳಿಹಾಕುವಂತಿಲ್ಲ. ನಿರ್ಜಲೀಕರಣ ಇನ್ನೂ ಆರಂಭವಾಗಿಲ್ಲದಾಗ ಮನೆಯಲ್ಲಿ ಕೊಡಬಹುದಾದ ಪಾನೀಯಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳನೀರನ್ನೂ ಸೇರಿಸಿದೆ. ಆದರೆ ಅದು ಉಪ್ಪಿಲ್ಲದ ಪಾನೀಯಗಳ ಸಾಲಿನಲ್ಲಿದೆ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಅನ್ನ ಮತ್ತು ತಿಳಿಸಾರು ಜೊತೆಗಿರಬೇಕು. ಭೇದಿಯಲ್ಲಿ ಕಳೆದುಹೋಗುವ ಪೊಟ್ಯಾಸಿಯಂ ತುಂಬಿಕೊಡುವುದರಲ್ಲಿ ಎಳನೀರು ನಿಜಕ್ಕೂ ಒಳ್ಳೆಯದು. ಸೋಡಿಯಂ ತುಂಬುವ ಕೆಲಸವನ್ನು ಅದಕ್ಕೊಪ್ಪಿಸಿದಾಗ ಮಾತ್ರ ಅದು ಸೋಲುತ್ತದೆ.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಇದೇ ಪೊಟ್ಯಾಸಿಯಂ ಅಪಾಯ. ಅವರ ರಕ್ತದಲ್ಲಿ ಪೊಟ್ಯಾಸಿಯಂ ಶೇಖರವಾದರೆ ಹೃದಯದ ಬಡಿತ ತಪ್ಪುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ಸೇವಿಸುವವರಲ್ಲೂ ಪೊಟ್ಯಾಸಿಯಂ ಏರುವ ಸಾಧ್ಯತೆ ಇದೆ. ಅಂಥವರು ದಿನಕ್ಕೆ ಹಲವು ಎಳನೀರು ಕುಡಿಯುವ ಮುನ್ನ ವೈದ್ಯರನ್ನು ಕೇಳಬೇಕು.

ಸ್ಪೋರ್ಟ್ಸ್ ಡ್ರಿಂಕ್ ಮತ್ತು ಅದರ ಹೋಲಿಕೆಯ ಪೊಟ್ಟಣಗಳು

ಸ್ಪೋರ್ಟ್ಸ್ ಡ್ರಿಂಕ್ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ. ಬಿಸಿಲಿನಲ್ಲಿ ಅಭ್ಯಾಸ ಮಾಡುವ ಫುಟ್‌ಬಾಲ್ ಆಟಗಾರರಿಗಾಗಿ ರಾಬರ್ಟ್ ಕೇಡ್ ಮತ್ತು ಸಹೋದ್ಯೋಗಿಗಳು ಅದನ್ನು ರೂಪಿಸಿದರು. ಈ ಬಗೆಯ ಪಾನೀಯಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ ಸುಮಾರು 60 ಗ್ರಾಂ ಸಕ್ಕರೆ, 20 ಮಿಲಿಮೋಲ್ ಸೋಡಿಯಂ, 3 ಮಿಲಿಮೋಲ್ ಪೊಟ್ಯಾಸಿಯಂ ಇರುತ್ತವೆ. ಒಂದು ಗಂಟೆಗೂ ಹೆಚ್ಚು ಹೊತ್ತು ಬಿಡುವಿಲ್ಲದೆ ಓಡುವವನ ಸ್ನಾಯುಗಳಿಗೆ ಆ ಸಕ್ಕರೆ ಇಂಧನ. ಭೇದಿಯಾದ ಕರುಳಿನಲ್ಲಿ ಹೀರಿಕೆಯಾಗದೆ ಉಳಿದ ಅದೇ ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಂಡು ಮಲವನ್ನು ಇನ್ನಷ್ಟು ತೆಳುಗೊಳಿಸುತ್ತದೆ. ಬಾಟಲಿಯ ಹಣ್ಣಿನ ರಸ, ಕೋಲಾ ಮತ್ತು ಸೋಡಾ ಪಾನೀಯಗಳಲ್ಲಿ ಸಕ್ಕರೆ ಇದಕ್ಕೂ ಹೆಚ್ಚು, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಡಬ್ಬಿಯ ಗ್ಲೂಕೋಸ್ ಪುಡಿಯೂ ಓಆರ್‌ಎಸ್ ಅಲ್ಲ. ಅದರಲ್ಲಿ ಗ್ಲೂಕೋಸ್ ಇದೆ, ಬೇಕಾದಷ್ಟು ಸೋಡಿಯಂ ಇಲ್ಲ.

ಇವುಗಳ ನಡುವೆ ಹಲವು ವರ್ಷ ಗೊಂದಲ ಹುಟ್ಟಿಸಿದ್ದು, ಹೆಸರಿನಲ್ಲಿ ‘ಓಆರ್‌ಎಸ್’ ಅಕ್ಷರಗಳನ್ನಿಟ್ಟುಕೊಂಡು ಮೆಡಿಕಲ್ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಸಿಹಿ ಪಾನೀಯಗಳು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದರ ವಿರುದ್ಧ ದೀರ್ಘಕಾಲ ಹೋರಾಡಿದರು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2025ರ ಅಕ್ಟೋಬರ್ 14ರಂದು ಆದೇಶ ಹೊರಡಿಸಿ, ಆಹಾರ ಪಾನೀಯಗಳ ಹೆಸರಿನಲ್ಲಿ ಈ ಪದದ ಬಳಕೆಗೆ ಈ ಮೊದಲು ಕೊಟ್ಟಿದ್ದ ಅನುಮತಿಯನ್ನು ಹಿಂದೆ ಪಡೆಯಿತು. ಕೊಳ್ಳುವವರು ಗುರುತಿಸುವ ದಾರಿ ಸರಳ: ನಿಜವಾದ ಓಆರ್‌ಎಸ್ ಔಷಧವಾದ್ದರಿಂದ ಅದರ ಮೇಲೆ ಔಷಧ ತಯಾರಿಕೆಯ ಪರವಾನಗಿ ಸಂಖ್ಯೆ, ಮೇಲೆ ಹೇಳಿದ ನಾಲ್ಕು ಪದಾರ್ಥಗಳ ತೂಕ ಮತ್ತು ಎಷ್ಟು ನೀರಿಗೆ ಕಲಸಬೇಕೆಂಬ ಸೂಚನೆ ಇರುತ್ತವೆ. ಆಹಾರ ಪಾನೀಯದ ಮೇಲೆ ಆಹಾರ ಪ್ರಾಧಿಕಾರದ ಗುರುತು ಮತ್ತು ಸಕ್ಕರೆಯ ವಿವರ ಇರುತ್ತವೆ.

ಮೂರನ್ನೂ ಒಂದೇ ಮಗುವಿಗೆ ಕೊಟ್ಟರೆ

ಮಾಲೂರಿನ ಇಟ್ಟಿಗೆ ಗೂಡಿನ ಶೆಡ್ಡಿನಲ್ಲಿ ಬೆಳೆಯುತ್ತಿರುವ, ಒಂದೂವರೆ ವರ್ಷದ, 10 ಕಿಲೋ ತೂಗುವ ಮಗುವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಬೆಳಗಿನಿಂದ ಹಲವು ಸಲ ನೀರುಭೇದಿಯಾಗಿದೆ. ಕಣ್ಣು ಗುಳಿಬಿದ್ದಿವೆ, ಮಗು ಕಿರಿಕಿರಿ ಮಾಡುತ್ತಿದೆ, ನೀರು ತೋರಿಸಿದರೆ ಆತುರದಿಂದ ಕುಡಿಯುತ್ತದೆ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿಂದ ಚಿವುಟಿ ಬಿಟ್ಟರೆ ನಿಧಾನವಾಗಿ ಮೊದಲಿನಂತಾಗುತ್ತದೆ. ಇವು ಸಾಧಾರಣ ನಿರ್ಜಲೀಕರಣದ ಲಕ್ಷಣಗಳು. ಇಂಥ ಮಗುವಿಗೆ ಕಿಲೋಗೆ 75 ಮಿ.ಲೀ. ಲೆಕ್ಕದಲ್ಲಿ, ಅಂದರೆ 750 ಮಿ.ಲೀ. ಓಆರ್‌ಎಸ್ ಅನ್ನು ನಾಲ್ಕು ಗಂಟೆಗಳಲ್ಲಿ, ಸಾಧ್ಯವಾದರೆ ಆರೋಗ್ಯ ಕೇಂದ್ರದಲ್ಲೇ ಇದ್ದು ಕುಡಿಸಬೇಕು. ಅದೇ 750 ಮಿ.ಲೀ. ಅಳತೆಯಲ್ಲಿ ಮೂರು ಪಾನೀಯಗಳು ಕೊಡುವುದು ಹೀಗೆ:

| ಪಾನೀಯ (750 ಮಿ.ಲೀ.) | ಸೋಡಿಯಂ (ಮಿಲಿಮೋಲ್) | ಪೊಟ್ಯಾಸಿಯಂ (ಮಿಲಿಮೋಲ್) | ಸಕ್ಕರೆ (ಗ್ರಾಂ) |
|---|---|---|---|
| ಓಆರ್‌ಎಸ್ | 56 | 15 | 10 |
| ಎಳನೀರು | ಸಾಮಾನ್ಯವಾಗಿ 8ಕ್ಕಿಂತ ಕಡಿಮೆ | 26ರಿಂದ 60 | 19ರಿಂದ 38 |
| ಸ್ಪೋರ್ಟ್ಸ್ ಡ್ರಿಂಕ್ | 15 | 2 | 45 |

ಮಗು 750 ಮಿ.ಲೀ. ಮಲದ ಜೊತೆ ಕಳೆದುಕೊಂಡ ಸೋಡಿಯಂ 30ರಿಂದ 40 ಮಿಲಿಮೋಲ್ ಆಗಿರುತ್ತದೆ, ಭೇದಿ ಇನ್ನೂ ಮುಂದುವರಿಯುತ್ತಿದೆ. ಓಆರ್‌ಎಸ್ ಮಾತ್ರ ಆ ನಷ್ಟವನ್ನು ತುಂಬಿ ಮುಂದಿನದಕ್ಕೂ ಸ್ವಲ್ಪ ಉಳಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಬಹುಪಾಲು ಬಾಕಿ ಉಳಿಯುತ್ತದೆ. ಸ್ಪೋರ್ಟ್ಸ್ ಡ್ರಿಂಕ್ ಎರಡು ಲವಣಗಳನ್ನೂ ಕಡಿಮೆ ಕೊಟ್ಟು, ಸಕ್ಕರೆಯನ್ನು ಓಆರ್‌ಎಸ್‌ನ ನಾಲ್ಕು ಪಟ್ಟಿಗೂ ಹೆಚ್ಚು ಹೇರುತ್ತದೆ. ಸೋಡಿಯಂ ಬಾಕಿ ಇರುವಾಗ ಉಪ್ಪಿಲ್ಲದ ನೀರನ್ನೇ ತುಂಬಿದರೆ ರಕ್ತದ ಸೋಡಿಯಂ ಕುಸಿದು ಮಗು ಮಂಕಾಗಬಹುದು, ಫಿಟ್ಸ್ ಬರಬಹುದು.

ನಿರ್ಜಲೀಕರಣ ತೀರಾ ಕಡಿಮೆಯಿರುವ ಮಕ್ಕಳಲ್ಲಿ ಪಾನೀಯದ ಆಯ್ಕೆಗೆ ಸ್ವಲ್ಪ ಸಡಿಲಿಕೆ ಇದೆ. 2016ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಅಂಥ 647 ಮಕ್ಕಳ ಪೈಕಿ ನೀರು ಬೆರೆಸಿದ ಸೇಬಿನ ರಸ ಮತ್ತು ತಮಗಿಷ್ಟದ ಪಾನೀಯ ಕುಡಿದವರಲ್ಲಿ, ಲವಣದ ದ್ರಾವಣ ಕುಡಿದವರಿಗಿಂತ ಚಿಕಿತ್ಸೆ ವಿಫಲವಾದದ್ದು ಕಡಿಮೆ. ರುಚಿ ಹಿಡಿಸಿ ಮಕ್ಕಳು ಹೆಚ್ಚು ಕುಡಿದದ್ದು ಇದಕ್ಕೊಂದು ಕಾರಣವಾಗಿರಬಹುದು. ಆದರೆ ಅವರು ಪುಷ್ಟಿಯಿರುವ, ಆಸ್ಪತ್ರೆ ಕೈಗೆಟಕುವ ಮಕ್ಕಳು. ಕಣ್ಣು ಗುಳಿಬಿದ್ದ, ಮೊದಲೇ ತೂಕ ಕಡಿಮೆಯಿರುವ ಮಗುವಿಗೆ ಆ ಫಲಿತಾಂಶವನ್ನು ಅನ್ವಯಿಸುವಂತಿಲ್ಲ.

ಕಲಸುವ ಮತ್ತು ಕುಡಿಸುವ ಕ್ರಮ

ಓಆರ್‌ಎಸ್ ಪೊಟ್ಟಣಗಳು ಎರಡು ಅಳತೆಯಲ್ಲಿ ಬರುತ್ತವೆ. ದೊಡ್ಡದು ಒಂದು ಲೀಟರಿಗೆ, ಸುಮಾರು 4 ಗ್ರಾಂನ ಪುಟ್ಟದು 200 ಮಿ.ಲೀ. ಲೋಟಕ್ಕೆ. ಆರೋಗ್ಯ ಕೇಂದ್ರದಿಂದ ಅಥವಾ ಆಶಾ ಕಾರ್ಯಕರ್ತೆಯಿಂದ ಉಚಿತವಾಗಿ ಸಿಗುವುದು ಸಾಮಾನ್ಯವಾಗಿ ಒಂದು ಲೀಟರಿನದು. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ದ್ರಾವಣ ಐದು ಪಟ್ಟು ಗಟ್ಟಿಯಾಗಿ, ಸೋಡಿಯಂ ಲೀಟರಿಗೆ 375 ಮಿಲಿಮೋಲ್ ತಲುಪುತ್ತದೆ. ಅದನ್ನು ಕುಡಿದ ಮಗುವಿನ ಬಾಯಾರಿಕೆ ಇಮ್ಮಡಿಸುತ್ತದೆ, ಭೇದಿ ಹೆಚ್ಚುತ್ತದೆ, ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಏರುತ್ತದೆ. ಪುಡಿ ಸ್ವಲ್ಪ ಸ್ವಲ್ಪವಾಗಿ ಅಂದಾಜಿನಲ್ಲಿ ಬೆರೆಸುವುದೂ ಹೀಗೆಯೇ ಅಳತೆ ತಪ್ಪಿಸುತ್ತದೆ. ಮನೆಯಲ್ಲಿ ಅಳತೆ ಪಾತ್ರೆ ಇಲ್ಲದಿದ್ದರೆ ತೊಳೆದ ಒಂದು ಲೀಟರ್ ನೀರಿನ ಬಾಟಲಿ ಸಾಕು. ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಿ, ಮುಚ್ಚಿಟ್ಟು, 24 ಗಂಟೆಯೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕು. ಸಕ್ಕರೆ, ಉಪ್ಪು, ಹಣ್ಣಿನ ರಸ, ಹಾಲು, ಎಳನೀರು ಯಾವುದನ್ನೂ ಅದಕ್ಕೆ ಬೆರೆಸಬಾರದು. ಕಲಸಿದ ಮೇಲೆ ಕಾಯಿಸಬಾರದು.

ಯಾವ ನೀರು ಎಂಬುದು ಕೋಲಾರ ಜಿಲ್ಲೆಯಲ್ಲಿ ನಿಜವಾದ ಪ್ರಶ್ನೆ. ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟಿದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆದರೆ ಫ್ಲೋರೈಡ್ ವರ್ಷಗಟ್ಟಲೆ ಕುಡಿದಾಗ ಹಲ್ಲು ಮತ್ತು ಮೂಳೆಗೆ ಹಾನಿ ಮಾಡುವಂಥದ್ದು, ಭೇದಿಯಾದ ಮಗುವಿಗೆ ಇವತ್ತಿನ ಅಪಾಯ ನೀರಿನಲ್ಲಿರುವ ಕ್ರಿಮಿ. ಆದ್ದರಿಂದ ಶುದ್ಧ ಕುಡಿಯುವ ನೀರಿನ ಘಟಕದ ನೀರು ಹತ್ತಿರದಲ್ಲಿದ್ದರೆ ಅದನ್ನು ಸ್ವಚ್ಛ ಕ್ಯಾನಿನಲ್ಲಿ ತಂದು ಬಳಸಬಹುದು. ಇಲ್ಲದಿದ್ದರೆ ಇರುವ ನೀರನ್ನೇ ಕುದಿಸಿ ಆರಿಸಿ ಕಲಸಬೇಕು. ಒಳ್ಳೆಯ ನೀರು ಬರಲೆಂದು ಓಆರ್‌ಎಸ್ ಕೊಡುವುದನ್ನು ತಡಮಾಡಬಾರದು.

ಕುಡಿಸುವ ಕ್ರಮದಲ್ಲಿ ತಾಳ್ಮೆ ಮುಖ್ಯ. ಎರಡು ವರ್ಷದೊಳಗಿನ ಮಗುವಿಗೆ ಒಂದೆರಡು ನಿಮಿಷಕ್ಕೊಂದು ಚಮಚ, ದೊಡ್ಡ ಮಕ್ಕಳಿಗೆ ಲೋಟದಿಂದ ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಆರಂಭಿಸಬೇಕು. ನಿರ್ಜಲೀಕರಣ ಇಲ್ಲದಿದ್ದಾಗ ಪ್ರತಿ ಭೇದಿಯ ಬಳಿಕ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ ಬೇಕೆನಿಸಿದಷ್ಟು. ಎದೆಹಾಲು ನಿಲ್ಲಿಸಬಾರದು. ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ರಾಗಿ ಗಂಜಿ ಮುಂದುವರಿಸಬೇಕು. ‘ಹೊಟ್ಟೆಗೆ ವಿರಾಮ’ ಎಂದು ಉಪವಾಸ ಕೆಡವಿದರೆ ಮಗು ಇನ್ನಷ್ಟು ಸೊರಗುತ್ತದೆ. ಜೊತೆಗೆ 14 ದಿನ ಜಿಂಕ್ ಮಾತ್ರೆ ಕೊಡುತ್ತಾರೆ: ಎರಡರಿಂದ ಆರು ತಿಂಗಳವರೆಗೆ ದಿನಕ್ಕೆ 10 ಮಿ.ಗ್ರಾಂ, ಆರು ತಿಂಗಳ ಮೇಲೆ 20 ಮಿ.ಗ್ರಾಂ. ಭೇದಿ ನಿಂತ ಮೇಲೂ 14 ದಿನ ಪೂರೈಸಬೇಕು.

ಪೊಟ್ಟಣ ಸಿಗದಾಗ ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದ ಅಂಚಿಗೆ ಸಮನಾದ ಆರು ಚಮಚ ಸಕ್ಕರೆ ಮತ್ತು ಅರ್ಧ ಚಮಚ ಉಪ್ಪು ಬೆರೆಸಿ ತಾತ್ಕಾಲಿಕವಾಗಿ ಕೊಡಬಹುದು. ರುಚಿ ಕಣ್ಣೀರಿಗಿಂತ ಉಪ್ಪಾಗಿರಬಾರದು. ಇದರಲ್ಲಿ ಪೊಟ್ಯಾಸಿಯಂ ಇಲ್ಲದಿರುವುದರಿಂದ ಬೇರೆಯಾಗಿ ಕೊಡುವ ಎಳನೀರು ಅಥವಾ ಬಾಳೆಹಣ್ಣು ಆ ಕೊರತೆಯನ್ನು ತುಂಬುತ್ತದೆ.

ಮಗು ಎಚ್ಚರವಾಗದಷ್ಟು ಮಂಕಾದರೆ, ಕುಡಿಯಲಾಗದಿದ್ದರೆ, ಚಿವುಟಿದ ಚರ್ಮ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಾಗೇ ನಿಂತರೆ ಅದು ತೀವ್ರ ನಿರ್ಜಲೀಕರಣ. ಆಗ ಯಾವ ಪಾನೀಯವೂ ಸಾಲದು, ಡ್ರಿಪ್ ಬೇಕು. 108ಕ್ಕೆ ಕರೆ ಮಾಡಿ, ಮಗು ನುಂಗುವ ಸ್ಥಿತಿಯಲ್ಲಿದ್ದರೆ ದಾರಿಯುದ್ದಕ್ಕೂ ಗುಟುಕು ಓಆರ್‌ಎಸ್ ಕೊಡುತ್ತಾ, ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಬೇಕು. ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಆರು ಗಂಟೆಯಿಂದ ಮೂತ್ರ ಹೋಗದಿರುವುದು ಕೂಡ ಆಸ್ಪತ್ರೆಗೆ ಹೋಗಲು ಸಾಕಾದ ಕಾರಣಗಳು.

ಬೇಸಿಗೆಯ ಬಿಸಿಲಿನಲ್ಲಿ

ಇಟ್ಟಿಗೆ ಗೂಡಿಗೆ ಬೆಂಕಿ ಹಾಕಿದ ದಿನ ಮಣ್ಣು, ಬಿಸಿಲು ಮತ್ತು ಗೂಡಿನ ಕಾವು ಒಟ್ಟಿಗೆ ಸೇರಿ ಕೆಲಸಗಾರ ಗಂಟೆಗೆ ಒಂದು ಲೀಟರ್ ಬೆವರಬಹುದು. ಆರು ಗಂಟೆಯಲ್ಲಿ ಆರು ಲೀಟರ್. ಬಿಸಿಲಿಗೆ ಒಗ್ಗಿದವನ ಬೆವರಿನಲ್ಲಿ ಲೀಟರಿಗೆ 30 ಮಿಲಿಮೋಲ್ ಸೋಡಿಯಂ ಇದ್ದರೆ ಒಟ್ಟು 180 ಮಿಲಿಮೋಲ್, ಅಂದರೆ ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ಉಪ್ಪು ಹೋದಂತಾಯಿತು. ಈ ನಷ್ಟವನ್ನು ಎಳನೀರಿನಿಂದ ತುಂಬಲು ಹೊರಟರೆ ಖರ್ಚೂ ಹೆಚ್ಚು, ಸೋಡಿಯಂ ಕೂಡ ಸಾಲದು. ಆರು ಲೀಟರ್ ಸ್ಪೋರ್ಟ್ಸ್ ಡ್ರಿಂಕ್ ಕುಡಿದರೆ 120 ಮಿಲಿಮೋಲ್ ಸೋಡಿಯಂ ಸಿಗುತ್ತದೆ, ಆದರೆ ಅದರೊಂದಿಗೆ 360 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ.

ಇಂಥವನಿಗೆ ನೀರು ಮತ್ತು ಉಪ್ಪಿರುವ ಊಟ ಎರಡೂ ಸಮಯಕ್ಕೆ ಸಿಗುವುದು ಮುಖ್ಯ. 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ ಅಥವಾ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ ಮತ್ತು ಸಾರು, ಇವು ಬೆವರಿನ ಲೆಕ್ಕವನ್ನು ಬಹುಮಟ್ಟಿಗೆ ಸರಿದೂಗಿಸುತ್ತವೆ. ಬಾಯಾರಿಕೆಯಾಗುವವರೆಗೆ ಕಾದು ಒಮ್ಮೆಗೇ ಎರಡು ಮೂರು ಲೀಟರ್ ಬರೀ ನೀರು ಕುಡಿಯುವುದು ಸರಿಯಲ್ಲ. ಗಂಟೆಗೆ ಒಂದೂವರೆ ಲೀಟರ್ ಮೀರಿದರೆ ರಕ್ತದ ಸೋಡಿಯಂ ತಗ್ಗಿ ತಲೆನೋವು, ವಾಕರಿಕೆ, ಗೊಂದಲ ಕಾಣಿಸಿಕೊಳ್ಳಬಹುದು. ಬೆಳಗ್ಗೆ ಊಟ ಬಿಟ್ಟು ದುಡಿದವನಿಗೆ ಸುಸ್ತು ಮತ್ತು ಸ್ನಾಯುಸೆಳೆತ ಬಂದರೆ ನೆರಳಿನಲ್ಲಿ ಕೂರಿಸಿ ಓಆರ್‌ಎಸ್ ಕೊಡುವುದು ಸರಿಯಾದ ಕ್ರಮ. ಆದರೆ ದಿನವೂ ದಾಹಕ್ಕೆಂದು ಲೀಟರುಗಟ್ಟಲೆ ಓಆರ್‌ಎಸ್ ಕುಡಿಯುವುದು ರಕ್ತದೊತ್ತಡ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರಿಗೆ ಒಳ್ಳೆಯದಲ್ಲ.

ಬೆವರಿದ ಆರೋಗ್ಯವಂತನಿಗೆ ಎಳನೀರು ಹಿತವಾದ ಪಾನೀಯವೇ. ಮಲೇಷ್ಯಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ, ಬಿಸಿಯಲ್ಲಿ ವ್ಯಾಯಾಮ ಮಾಡಿದವರ ದೇಹಕ್ಕೆ ನೀರು ಮರಳುವ ಪ್ರಮಾಣದಲ್ಲಿ ಎಳನೀರು, ಸ್ಪೋರ್ಟ್ಸ್ ಡ್ರಿಂಕ್ ಮತ್ತು ಬರೀ ನೀರಿನ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮುಗಿದ ಮೇಲೆ ಒಂದು ಎಳನೀರು ಕುಡಿದು, ಉಪ್ಪುಖಾರದ ಊಟ ಮಾಡಿದವನಿಗೆ ಬೇರೇನೂ ಬೇಕಾಗುವುದಿಲ್ಲ. ಸ್ಪೋರ್ಟ್ಸ್ ಡ್ರಿಂಕ್‌ನ ನಿಜವಾದ ಜಾಗ ಊಟಕ್ಕೆ ಬಿಡುವಿಲ್ಲದೆ ಗಂಟೆಗಟ್ಟಲೆ ಓಡುವ, ಆಡುವ, ಸೈಕಲ್ ತುಳಿಯುವವರಲ್ಲಿ.

ಬಿಸಿಲಿನ ಹೊಡೆತದಲ್ಲಿ ಈ ಮೂರೂ ಪಾನೀಯಗಳು ಹಿಂದೆ ಸರಿಯುತ್ತವೆ. ಮೈಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತೊದಲಿ, ತಬ್ಬಿಬ್ಬಾಗಿ ಅಥವಾ ಪ್ರಜ್ಞೆ ತಪ್ಪಿ ಬಿದ್ದವನ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುತ್ತಾ, 108ಕ್ಕೆ ಕರೆ ಮಾಡಬೇಕು. ದೇಹವನ್ನು ತಂಪಾಗಿಸುವುದೇ ಮೊದಲ ಚಿಕಿತ್ಸೆ. ನೀರು ಮತ್ತು ಲವಣದ ಲೆಕ್ಕವನ್ನು ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಾರೆ.